ಕತ್ತರಿಸದ ಲಾಗ್

ನಮ್ಮ ಆಫೀಸಿನಲ್ಲಿ ಬಿಲ್ಡ್, ಅಂದರೆ ಬರೆದ ತಂತ್ರಾಂಶವನ್ನು ಒಟ್ಟುಗೂಡಿಸುವ ಕೆಲಸ, ಕೆಟ್ಟರೆ ನನಗೆ ಬರುವ ಮೇಲ್ ಹೇಗಿರುತ್ತದೆ ಅಂತ ಮೊದಲೇ ಹೇಳಿಬಿಡುತ್ತೇನೆ. ವಿಷಯದ ಜಾಗದಲ್ಲಿ ‘ಅರ್ಜೆಂಟ್’ ಅಂತ ಇರುತ್ತದೆ. ಒಳಗೆ ‘ಸಾರ್, ಬಿಲ್ಡ್ ಆಗ್ತಿಲ್ಲ, ಸ್ವಲ್ಪ ನೋಡಿ’ ಅನ್ನುವ ಒಂದೇ ಸಾಲು. ಕೆಳಗೆ ಕಂಪ್ಯೂಟರ್ ಪರದೆಯನ್ನು ಮೊಬೈಲಿನಲ್ಲಿ ಓರೆಯಾಗಿ ಹಿಡಿದು ತೆಗೆದ ಫೋಟೋ. ಅದರಲ್ಲಿ ಟ್ಯೂಬ್‌ಲೈಟಿನ ಬೆಳಕು, ತೆಗೆದವರ ಹೆಬ್ಬೆರಳು, ಮೂಲೆಯಲ್ಲಿ ಎರಡು ಕೆಂಪು ಸಾಲು. ಏನೇನು ಮಾಡಿ ನೋಡಿದಿರಿ ಅಂತ ಕೇಳಿದರೆ ‘ಎಲ್ಲಾ ಮಾಡ್ನೋಡ್ದೆ ಸಾರ್’ ಅನ್ನುತ್ತಾರೆ. ಈ ‘ಎಲ್ಲಾ’ ಅನ್ನುವ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಇಪ್ಪತ್ತು ವರ್ಷದ ಸರ್ವಿಸಿನಲ್ಲಿ ನನ್ನ ತಲೆಗೂದಲು ಅರ್ಧ ಉದುರಿದ್ದು ಈ ‘ಎಲ್ಲಾ’ದಿಂದಲೇ.

ನಮ್ಮ ತಂಡದ ವನಜಾ ಹಾಗೆ ಬರೆದವರಲ್ಲ. ಅವರ ಮೇಲ್ ಬಂದರೆ ತಂಡದ ಹುಡುಗರು ‘ಸಾರ್, ಹರಿಕಥೆ ಶುರುವಾಯ್ತು’ ಅಂತ ನಗುತ್ತಿದ್ದರು. ಕೆಟ್ಟದ್ದು ಯಾವುದು, ಯಾವ ಯಂತ್ರದಲ್ಲಿ, ಅದರ ಮೇಲೆ ಯಾವ ಕಂಪೈಲರ್, ಯಾವ ಆವೃತ್ತಿ, ಎಷ್ಟು ಗಂಟೆಗೆ, ಏನು ಮಾಡಿದೆ, ಮಾಡಿದಾಗ ಏನಾಯಿತು, ಏನು ಮಾಡಲಿಲ್ಲ, ಯಾಕೆ ಮಾಡಲಿಲ್ಲ, ಇಷ್ಟೂ ಇರುತ್ತಿತ್ತು. ಕೆಳಗೆ ಲಾಗ್, ಅಂದರೆ ಕೆಲಸ ನಡೆಯುವಾಗ ಯಂತ್ರ ತಾನೇ ಬರೆದಿಡುವ ದಾಖಲೆ, ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಲಗತ್ತಾಗಿರುತ್ತಿತ್ತು. ಆ ಮೇಲ್ ಓದಿದ ಮೇಲೆ ಎದ್ದುಹೋಗಿ ಅವರನ್ನು ಏನನ್ನಾದರೂ ಕೇಳಬೇಕಾದ ಪ್ರಸಂಗ ನನಗೆ ಒಮ್ಮೆಯೂ ಬರಲಿಲ್ಲ.

ಇದನ್ನು ಅವರಿಗೆ ಯಾವ ಇಂಜಿನಿಯರಿಂಗ್ ಕಾಲೇಜೂ ಕಲಿಸಿದ್ದಲ್ಲ. ಅವರು ಓದಿದ್ದು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ. ಊರು ತುಮಕೂರು ರಸ್ತೆಯ ಮಾಕಳಿ. ಮಾಕಳಿಯಲ್ಲಿ ಹುಟ್ಟಿದವರಿಗೆಲ್ಲ ಫ್ಯಾಕ್ಟರಿ ಜನರಿಂದ ಬಾಡಿಗೆ ಬರುತ್ತದೆ, ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿರುತ್ತಾರೆ ಅಂತ ನಮ್ಮ ಅಪಾರ್ಟ್‌ಮೆಂಟಿನವರು ಮಾತಾಡಿಕೊಳ್ಳುವುದುಂಟು. ಬಾಡಿಗೆ ಬರುತ್ತಿದ್ದುದು ನಿಜ, ಆದರೆ ವನಜಾರ ಅಣ್ಣಂದಿರಿಗೆ. ವನಜಾ ಮತ್ತು ಅವರ ತಾಯಿ ವಸಂತಮ್ಮ ಅದೇ ವಠಾರದ ಹಿಂದಿನ ಎರಡು ಕೋಣೆಯಲ್ಲಿದ್ದರು. ಬೆಳಿಗ್ಗೆ ಏಳೂಮುಕ್ಕಾಲಿಗೆ ಬಸ್ಸು ಹಿಡಿದು ಪೀಣ್ಯಕ್ಕೆ ಬರುತ್ತಿದ್ದರು.

ಇಪ್ಪತ್ತೊಂದನೇ ವಯಸ್ಸಿಗೆ ಪೀಣ್ಯದ ಒಂದು ಫ್ಯಾಕ್ಟರಿಯಲ್ಲಿ ಸರ್ಕ್ಯೂಟ್ ಬೋರ್ಡ್ ಪರೀಕ್ಷಿಸುವ ಲೈನಿಗೆ ಸೇರಿದರಂತೆ. ಅಲ್ಲಿ ಬೋರ್ಡ್ ಫೇಲಾದರೆ ಅದಕ್ಕೆ ಒಂದು ಕೆಂಪು ಚೀಟಿ ಕಟ್ಟಿ ರಿಪೇರಿ ಟೇಬಲ್ಲಿಗೆ ಕಳಿಸಬೇಕು. ಲೈನಿನ ಸೂಪರ್‌ವೈಸರ್ ನಂಜಪ್ಪ ಅನ್ನುವವರು. ಮೊದಲ ವಾರ ವನಜಾ ಚೀಟಿಯಲ್ಲಿ ‘ಬೋರ್ಡ್ ಓಡುತ್ತಿಲ್ಲ’ ಅಂತ ಬರೆದಿದ್ದನ್ನು ನೋಡಿ ಅವರು ಚೀಟಿ ಹರಿದುಹಾಕಿ ಹೇಳಿದ್ದನ್ನು ವನಜಾ ನನಗೆ ಅವರದೇ ಧಾಟಿಯಲ್ಲಿ ಹೇಳಿ ತೋರಿಸಿದ್ದರು. “ಇಂಗ್ ಬರುದ್ರೆ ಆಗಲ್ಲ ಕಣಮ್ಮ. ರಿಪೇರಿಯೋನು ನಿನ್ ಚೀಟಿ ಓದಿ ಎದ್ ಬಂದು ನಿನ್ನ ಏನೂ ಕೇಳಬಾರ್ದು. ನೀನು ಮನೇಗ್ ಹೋಗಿದ್ರೂ ಅವನ ಕೆಲ್ಸ ನಡೀಬೇಕು, ಅಂಗ್ ಬರಿ.”

ಅಂದಿನಿಂದ ಅವರು ಹಾಗೆಯೇ ಬರೆದರು. ಒಮ್ಮೆ ಒಂದು ಚೀಟಿಯಲ್ಲಿ ‘ಪರೀಕ್ಷೆಗೆ ಮೊದಲು ಈ ಬೋರ್ಡ್ ನನ್ನ ಕೈಯಿಂದ ಜಾರಿ ನೆಲಕ್ಕೆ ಬಿತ್ತು’ ಅಂತಲೂ ಬರೆದರಂತೆ. ಯಾರೂ ನೋಡಿರಲಿಲ್ಲ. ಶಿಫ್ಟಿನ ಜನರೆಲ್ಲರ ಎದುರು ಬೈಸಿಕೊಂಡರು. ಯಾಕೆ ಬರೆದಿರಿ ಅಂತ ನಾನು ಕೇಳಿದಾಗ ಅವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. “ಬಿದ್ದಿತ್ತಲ್ಲ ಸಾರ್. ಬರೀದೇ ಇದ್ರೆ ರಿಪೇರಿಯೋನು ಎಲ್ಲೆಲ್ಲೋ ಹುಡುಕ್ತಿರ್ತಾನೆ,” ಅಂದರು.

ಲೈನಿನಿಂದ ಪರೀಕ್ಷೆ ಬರೆಯುವ ಕೆಲಸ, ಅಲ್ಲಿಂದ ಕಂಪ್ಯೂಟರಿನ ಕೆಲಸ. ಲಿನಕ್ಸನ್ನು ತಾವೇ ಕಲಿತರು. ಹದಿನೇಳು ವರ್ಷದಲ್ಲಿ ಆರು ಕಂಪನಿ ನೋಡಿ ನಮ್ಮಲ್ಲಿಗೆ ಬಂದಾಗ ವಯಸ್ಸು ಮೂವತ್ತೆಂಟು ಆಗಿತ್ತು. ಆರರಲ್ಲಿ ಒಂದರಲ್ಲೂ ಖಾಯಂ ಅಲ್ಲ, ಎಲ್ಲ ಕಡೆಯೂ ಏಜೆನ್ಸಿಯ ಮೂಲಕ, ವರ್ಷದ ಕರಾರು, ಅದರಲ್ಲೂ ತಿಂಗಳು ತಿಂಗಳು ನವೀಕರಣದ ಪಟ್ಟಿಯಲ್ಲಿ ಹೆಸರು ಹೋಗಬೇಕು. ನಮ್ಮಲ್ಲೂ ಹಾಗೆಯೇ ಸೇರಿದರು, ಆದರೆ ನಾನು ಅವರನ್ನು ಖಾಯಂ ಮಾಡಿಸುತ್ತೇನೆ ಅಂತ ಮಾತು ಕೊಟ್ಟಿದ್ದೆ. ಶಿಫಾರಸು ಬರೆದಿದ್ದೆ, ಕಡತ ನಮ್ಮ ಪ್ರಾಜೆಕ್ಟ್ ಮುಖ್ಯಸ್ಥ ಶಶಿಕುಮಾರ್ ಮೇಜಿನ ಮೇಲಿತ್ತು. ಖಾಯಂ ಆಗುವುದು ಯಾಕೆ ಅಷ್ಟು ಬೇಕು ಅಂತ ಒಮ್ಮೆ ಕ್ಯಾಂಟೀನಿನಲ್ಲಿ ಕೇಳಿದ್ದೆ. ಅವರು ಸಂಬಳದ ಮಾತು ಎತ್ತಲಿಲ್ಲ. “ಪ್ರತಿ ವರ್ಷ ಹೊಸದಾಗಿ ನಂಗೆ ಕೆಲಸ ಬರುತ್ತೆ ಅಂತ ತೋರಿಸ್ಬೇಕು ಸಾರ್. ಯಾರಾದ್ರೂ ಒಂದ್ಸಲ ಒಪ್ಕೊಂಡ್ಬಿಟ್ರೆ ಸಾಕು,” ಅಂದರು.

ನಮ್ಮ ಕಂಪನಿ ಪೀಣ್ಯ ಎರಡನೇ ಹಂತದಲ್ಲಿದೆ. ಆಸ್ಪತ್ರೆಗಳಿಗೆ ಸಿರಿಂಜ್ ಪಂಪ್ ತಯಾರಿಸುತ್ತೇವೆ. ರೋಗಿಯ ರಕ್ತನಾಳಕ್ಕೆ ಗಂಟೆಗೆ ಇಷ್ಟೇ ಎಂಬಂತೆ ಔಷಧ ಬಿಡುವ ಸಣ್ಣ ಯಂತ್ರ ಅದು. ಅದರೊಳಗೆ ಒಂದು ಚಿಪ್ಪು, ಚಿಪ್ಪಿನೊಳಗೆ ನಾವು ಬರೆದ ತಂತ್ರಾಂಶ. ನಾವು ಬರೆದ ಮೂಲ ಸಾಲುಗಳನ್ನೆಲ್ಲ ಕಂಪೈಲರ್ ಸೇರಿಸಿ ಚಿಪ್ಪಿಗೆ ತುಂಬುವ ಒಂದೇ ಫೈಲು ಮಾಡುತ್ತದಲ್ಲ, ಆ ಕೆಲಸಕ್ಕೆ ಬಿಲ್ಡ್ ಅನ್ನುತ್ತೇವೆ. ಯಾರ್ಯಾರದೋ ಲ್ಯಾಪ್‌ಟಾಪಿನಲ್ಲಿ ಆದ ಬಿಲ್ಡ್ ಆಸ್ಪತ್ರೆಗೆ ಹೋಗಬಾರದು. ಅದಕ್ಕೆಂದೇ ಒಂದು ಸರ್ವರ್ ಇದೆ, ಅದರಲ್ಲಿ ಆದದ್ದು ಮಾತ್ರ ಹೊರಗೆ ಹೋಗಬೇಕು, ಹೋಗುವಾಗ ಒಂದು ಫಾರ್ಮಿಗೆ ಸಹಿ ಬೀಳಬೇಕು. ಆ ಸರ್ವರನ್ನು ನೋಡಿಕೊಳ್ಳುವ ಕೆಲಸ ವನಜಾರದು.

ಕಳೆದ ಸೆಪ್ಟೆಂಬರಿನಲ್ಲಿ ಒಂದು ಆಸ್ಪತ್ರೆಯಿಂದ ದೂರು ಬಂತು. ಪಂಪಿನ ಸರ್ವಿಸ್ ವರದಿ ತೆಗೆದರೆ ಔಷಧ ಹರಿದ ವೇಗದ ಕಾಲಂ ಖಾಲಿ ಬರುತ್ತಿದೆ. ಪಂಪು ಸರಿಯಾಗಿ ಓಡುತ್ತದೆ, ಪರದೆಯ ಮೇಲಿನ ಅಂಕಿ ಸರಿ ಇದೆ, ವರದಿಯಲ್ಲಿ ಮಾತ್ರ ಅಂಕಿಯ ಜಾಗ ಬೋಳು. ನಮ್ಮ ತಂಡದ ಮೇಘಾ ನಾಲ್ಕು ದಿನ ಮೂಲ ಸಾಲುಗಳನ್ನು ಜಾಲಾಡಿದಳು. “ಕೋಡ್ ಸರಿಯಾಗೇ ಇದೆ ಸಾರ್, ಖಾಲಿ ಬರೋಕೆ ಸಾಧ್ಯಾನೇ ಇಲ್ಲ,” ಅಂದಳು. ಪರೀಕ್ಷೆಗೆ ಒಂದೆರಡು ಸಾಲು ಸೇರಿಸಿ ಸೋಮವಾರ ಸರ್ವರಿಗೆ ಬಿಲ್ಡ್ ಕೊಟ್ಟಳು, ಹಿಂದಿನ ಬಿಡುಗಡೆಯಾದ ಮೇಲೆ ಈ ಪಂಪಿನ ಮೊದಲ ಬಿಲ್ಡ್ ಅದು. ಬಿಲ್ಡ್ ಬಿತ್ತು. ಫೈಲು ಚಿಪ್ಪಿನ ಜಾಗಕ್ಕಿಂತ ದೊಡ್ಡದಾಗಿದೆ, ಹಿಡಿಯುವುದಿಲ್ಲ ಅನ್ನುವುದು ತಕರಾರು.

ಗ್ರಹಚಾರಕ್ಕೆ ವನಜಾ ಹಿಂದಿನ ಶನಿವಾರವೇ ಸರ್ವರಿನ ಆಪರೇಟಿಂಗ್ ಸಿಸ್ಟಮ್ ಅಪ್‌ಡೇಟ್ ಮಾಡಿದ್ದರು. ಹೇಳಿಯೇ ಮಾಡಿದ್ದರು, ಒಪ್ಪಿಗೆ ಪಡೆದೇ ಮಾಡಿದ್ದರು.

ಸೋಮವಾರ ಮಧ್ಯಾಹ್ನದ ಮೀಟಿಂಗಿನಲ್ಲಿ ಶಶಿಕುಮಾರ್ ಸುತ್ತಿಬಳಸದೆ ಕೇಳಿದರು. “ಹೋದ ಸಲ ಇದೇ ಸರ್ವರ್‌ನಲ್ಲಿ ಆಗಿ ರಿಲೀಸ್ ಆಗಿದೆ. ಈಗ ಆಗ್ತಿಲ್ಲ. ನಡುವೆ ಸರ್ವರ್ ಮುಟ್ಟಿದ್ದು ಯಾರು?”

“ನಾನೇ ಸಾರ್. ಶನಿವಾರ,” ಅಂದರು ವನಜಾ.

“ಮತ್ತೆ ಇನ್ನೇನಿದೆ ಹುಡುಕೋಕೆ? ಬುಧವಾರ ಹತ್ತಕ್ಕೆ ಕೂರೋಣ. ಅಷ್ಟರಲ್ಲಿ ಸರಿ ಮಾಡಿ. ನಿಮ್ಮ ಫೈಲ್ ಬೇರೆ ನನ್ನ ಟೇಬಲ್ ಮೇಲಿದೆ. ಖಾಯಂ ಇರ್ಲಿ, ಈ ತಿಂಗಳ ರಿನ್ಯೂವಲ್ಲೇ ಯೋಚನೆ ಮಾಡ್ಬೇಕಾಗುತ್ತೆ.”

ನಾನು ಪಕ್ಕದಲ್ಲೇ ಕೂತಿದ್ದೆ, ಮಾತಾಡಲಿಲ್ಲ. ಆ ಹೊತ್ತಿಗೆ ನನಗೆ ನಿಜವಾಗಿಯೂ ನೆನಪಿರಲಿಲ್ಲ ಅಂತ ಹೇಳಿದರೆ ನೀವು ನಂಬಬಹುದು, ಬಿಡಬಹುದು. ನೆನಪಿರಲಿಲ್ಲ.

ಮಂಗಳವಾರ ಬೆಳಿಗ್ಗೆ ಹನ್ನೊಂದು ನಲವತ್ತಕ್ಕೆ ವನಜಾರ ಮೇಲ್ ಬಂತು. ಅವರ ಇಂಗ್ಲಿಷ್ ಚಿಕ್ಕ ಚಿಕ್ಕ ವಾಕ್ಯಗಳ, ಅಲಂಕಾರವಿಲ್ಲದ ಇಂಗ್ಲಿಷ್. ಅದನ್ನು ಇಲ್ಲಿ ಕನ್ನಡದಲ್ಲಿ ಕೊಡುತ್ತೇನೆ.

‘ಸಂಗಮೇಶ್ ಸಾರ್ ಅವರಿಗೆ. ವಿಷಯ: ಸಿರಿಂಜ್ ಪಂಪ್ ಬಿಲ್ಡ್ ವಿಫಲ, ಚಿಪ್ಪಿನ ಫ್ಲ್ಯಾಶ್ ಜಾಗ ಸಾಲುತ್ತಿಲ್ಲ.

ಆಗುತ್ತಿರುವುದು: ಕಂಪೈಲ್ ಪೂರ್ತಿಯಾಗುತ್ತದೆ. ತುಂಡುಗಳನ್ನೆಲ್ಲ ಜೋಡಿಸುವ ಕೊನೆಯ ಲಿಂಕ್ ಹಂತದಲ್ಲಿ ನಿಲ್ಲುತ್ತದೆ. ಪ್ರತಿಸಲವೂ ಅದೇ ಹಂತ. ನಡುವೆ ಬಂದು ಹೋಗುವ ದೋಷವಲ್ಲ. ಮೇಘಾ ಅವರ ಸಾಲುಗಳನ್ನು ಪೂರ್ತಿ ತೆಗೆದು, ಹದಿನೆಂಟು ತಿಂಗಳ ಹಿಂದೆ ಬಿಡುಗಡೆಯಾದ ಮೂಲವನ್ನೇ ಕೊಟ್ಟರೂ 11384 ಬೈಟ್ ಜಾಗ ಸಾಲದು ಅನ್ನುವ ಕೆಳಗಿನ ಸಾಲು ಬರುತ್ತದೆ.

region `FLASH' overflowed by 11384 bytes

ಪರಿಸರ: ಬಿಲ್ಡ್ ಸರ್ವರ್, ಶನಿವಾರ ಸಂಜೆ ನಾನು ಅಪ್‌ಡೇಟ್ ಮಾಡಿದ್ದು. ಬದಲಾದ ಪ್ಯಾಕೇಜುಗಳ ಪಟ್ಟಿ ಲಗತ್ತಿಸಿದೆ. ಕಂಪೈಲರ್ ಆ ಪಟ್ಟಿಯಲ್ಲಿ ಇಲ್ಲ. ಅದು ಬೇರೆ ಫೋಲ್ಡರಿನಲ್ಲಿದೆ, ನಾನು ಮುಟ್ಟಿಲ್ಲ. ಆವೃತ್ತಿಯನ್ನು ಶುಕ್ರವಾರದ ನಕಲಿನ ಜೊತೆ ಹೋಲಿಸಿದೆ, ಎರಡೂ ಒಂದೇ.

ಮಾಡಿ ನೋಡಿದ್ದು: ಹಳೆಯ ಬಿಲ್ಡ್ ಫೋಲ್ಡರ್ ಅಳಿಸಿ ಮೂಲವನ್ನು ಹೊಸದಾಗಿ ತೆಗೆದು ಬಿಲ್ಡ್ ಮಾಡಿದೆ. ಅದೇ ದೋಷ. ಶುಕ್ರವಾರದ ಸರ್ವರ್ ನಕಲನ್ನು, ಅಂದರೆ ಅಪ್‌ಡೇಟಿಗೆ ಮುಂಚಿನದನ್ನು, ಪಕ್ಕದ ಖಾಲಿ ಯಂತ್ರಕ್ಕೆ ಹಾಕಿ ಅಲ್ಲಿ ಬಿಲ್ಡ್ ಮಾಡಿದೆ. ಅಲ್ಲೂ 11384. ಒಂದು ಬೈಟೂ ವ್ಯತ್ಯಾಸವಿಲ್ಲ. ಈ ನಡುವೆ ನಾನು ಒಮ್ಮೆ ತಪ್ಪು ಆವೃತ್ತಿಯ ಮೂಲ ತೆಗೆದುಕೊಂಡಿದ್ದೆ. ನಲವತ್ತು ನಿಮಿಷ ಹಾಳಾಯಿತು. ಆ ಲಾಗ್ ಕೂಡ ಇದೆ, ಅದನ್ನು ನೋಡಿ ದಾರಿ ತಪ್ಪಬೇಡಿ.’

ಇಲ್ಲಿಯವರೆಗೆ ಓದಿ ನನಗೆ ಸಮಾಧಾನವೇ ಆಯಿತು. ಅಪ್‌ಡೇಟಿಗೆ ಮುಂಚಿನ ಸರ್ವರಿನಲ್ಲೂ ಬೀಳುತ್ತದೆ ಅಂದಮೇಲೆ ತಪ್ಪು ಇವರದಲ್ಲ, ಶಶಿಕುಮಾರರ ಬಾಯಿ ಮುಚ್ಚಿಸಬಹುದು ಅಂದುಕೊಂಡೆ. ಆಮೇಲೆ ಮುಂದಿನ ಭಾಗ ಓದಿದೆ.

‘ಹಾಗಾದರೆ ಹೋದ ಸಲ ಹೇಗೆ ಆಯಿತು ಅಂತ ನೋಡಿದೆ. ಸರ್ವರಿನ ಬಿಲ್ಡ್ ದಾಖಲೆ ಒಂದು ವರ್ಷಕ್ಕೆ ತಾನೇ ಅಳಿಯುತ್ತದೆ, ಅದು ಸಿಗಲಿಲ್ಲ. ಬಿಡುಗಡೆ ಫೋಲ್ಡರಿನಲ್ಲಿ ಫೈಲಿನ ಜೊತೆ ಮ್ಯಾಪ್ ಫೈಲ್ ಇತ್ತು. ಈಗಿನ ಮ್ಯಾಪ್ ಜೊತೆ ಹೋಲಿಸಿದೆ. ಕಂಪೈಲರ್ ಜೊತೆ ಸಿದ್ಧ ಕೋಡಿನ ಎರಡು ಲೈಬ್ರರಿ ಬರುತ್ತವೆ, ದೊಡ್ಡದು ಮತ್ತು ಚಿಕ್ಕದು. ನಮ್ಮ ಬಿಲ್ಡ್ ದೊಡ್ಡ ಲೈಬ್ರರಿ ಸೇರಿಸುತ್ತದೆ. ಬಿಡುಗಡೆಯಾದದ್ದು ಚಿಕ್ಕ ಲೈಬ್ರರಿ ಸೇರಿಸಿದೆ. ಜಾಗದ ವ್ಯತ್ಯಾಸ ಅಲ್ಲಿಯದು. ಚಿಕ್ಕ ಲೈಬ್ರರಿ ಕೇಳುವ ಸಾಲು ನಮ್ಮ ಮೂಲದಲ್ಲಿ ಎಲ್ಲೂ ಇಲ್ಲ, ಹಿಂದೆಯೂ ಇರಲಿಲ್ಲ.

ಮೇಘಾ ಅವರ ಖಾಲಿ ಕಾಲಮಿಗೂ ಇದು ಕಾರಣವಿರಬಹುದು. ಚಿಕ್ಕ ಲೈಬ್ರರಿಯಲ್ಲಿ ದಶಾಂಶ ಸಂಖ್ಯೆ ಮುದ್ರಿಸುವ ಭಾಗ ಬೇರೆಯಾಗಿ ಕೇಳಿದರೆ ಮಾತ್ರ ಸೇರುತ್ತದೆ ಅಂತ ಓದಿದೆ. ಕೇಳದಿದ್ದರೆ ಸಂಖ್ಯೆಯ ಜಾಗ ಖಾಲಿ ಬರುತ್ತದಂತೆ. ಪರೀಕ್ಷಿಸಿಲ್ಲ, ಖಚಿತವಿಲ್ಲ.

ಲಾಗ್‌ಗಳು ಮತ್ತು ಎರಡೂ ಮ್ಯಾಪ್ ಫೈಲು ಪೂರ್ತಿ ಲಗತ್ತಿಸಿದೆ, ಕತ್ತರಿಸಿಲ್ಲ.’

ಬಿಡುಗಡೆಯ ಮ್ಯಾಪ್ ಫೈಲ್ ತೆರೆದೆ. ಮ್ಯಾಪ್ ಅಂದರೆ ಆ ಫೈಲಿನೊಳಗೆ ಏನೇನು ಸೇರಿದೆ, ಒಂದೊಂದೂ ಯಾವ ಯಂತ್ರದ ಯಾವ ಫೋಲ್ಡರಿನಿಂದ ಬಂತು ಅನ್ನುವ ವಿಳಾಸಪಟ್ಟಿ. ಲೈಬ್ರರಿಯ ಸಾಲು ಉದ್ದವಾಗಿತ್ತು. ಅದು ಮುಗಿಯುತ್ತಿದ್ದುದು ಚಿಕ್ಕ ಲೈಬ್ರರಿಯ ಹೆಸರಾದ libc_nano.a ಅಂತ. ಶುರುವಾಗುತ್ತಿದ್ದುದು ಹೀಗೆ:

/home/sangamesh/tools/

ಇನ್ನೂರಕ್ಕೂ ಹೆಚ್ಚು ಸಾಲುಗಳಲ್ಲಿ ನನ್ನ ಹೆಸರು ಇತ್ತು. ನಮ್ಮ ಸರ್ವರಿನಲ್ಲಿ ಆ ಹೆಸರಿನ ಫೋಲ್ಡರ್ ಇಲ್ಲ, ಎಂದೂ ಇರಲಿಲ್ಲ. ಅದಿದ್ದದ್ದು ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ.

ಆಗ ಎಲ್ಲ ನೆನಪಾಯಿತು. ಹದಿನೆಂಟು ತಿಂಗಳ ಹಿಂದಿನ ಒಂದು ಶುಕ್ರವಾರ, ವನಜಾ ನಮ್ಮಲ್ಲಿಗೆ ಸೇರುವುದಕ್ಕೆ ಎರಡು ತಿಂಗಳ ಮುಂಚೆ. ಐವತ್ತು ಪಂಪು ಮಾರನೆಯ ದಿನ ಲಾರಿ ಹತ್ತಬೇಕಿತ್ತು. ಕೊನೆಗಳಿಗೆಯಲ್ಲಿ ಸೇರಿಸಿದ ಒಂದು ಅಲಾರಮ್ಮಿನಿಂದ ಫೈಲು ದೊಡ್ಡದಾಗಿ ಸರ್ವರಿನಲ್ಲಿ ಇದೇ ದೋಷ ಬಂತು. ನಾನು ನನ್ನ ಸೀಟಿನಲ್ಲಿ ಕೂತು, ನನ್ನ ಲ್ಯಾಪ್‌ಟಾಪಿನ ಮೇಕ್ ಫೈಲಿಗೆ, ಅಂದರೆ ಬಿಲ್ಡಿನ ಸೂಚನೆಗಳಿರುವ ಫೈಲಿಗೆ, ಒಂದು ಸಾಲು ಸೇರಿಸಿ ಚಿಕ್ಕ ಲೈಬ್ರರಿಗೆ ಬದಲಿಸಿದೆ. ಹಿಡಿಯಿತು. ಪಂಪು ಓಡಿಸಿದೆ, ಅಲಾರಂ ಕೂಗಿಸಿದೆ, ಪರದೆ ನೋಡಿದೆ. ಸರ್ವಿಸ್ ವರದಿ ತೆಗೆದು ನೋಡುವಷ್ಟು ವ್ಯವಧಾನ ಇರಲಿಲ್ಲ. ಆ ಫೈಲನ್ನೇ ಬಿಡುಗಡೆ ಫೋಲ್ಡರಿಗೆ ಹಾಕಿದೆ. ಫಾರ್ಮಿನಲ್ಲಿ ‘ಎಲ್ಲಿ ಬಿಲ್ಡ್ ಆಯಿತು’ ಅನ್ನುವ ಕಡೆ ‘ಸರ್ವರ್’ ಅಂತ ಬರೆದು ಸಹಿ ಹಾಕಿದೆ. ಸೋಮವಾರ ಆ ಸಾಲನ್ನು ಮೂಲಕ್ಕೆ ಸೇರಿಸಿ ಸರ್ವರಿನಲ್ಲಿ ಮತ್ತೆ ಬಿಲ್ಡ್ ಮಾಡಿದರಾಯಿತು ಅಂದುಕೊಂಡಿದ್ದೆ. ಸೋಮವಾರ ಬೇರೇನೋ ಕೆಲಸ ಬಂತು. ಮುಂದೆ ಲ್ಯಾಪ್‌ಟಾಪ್ ಬದಲಾಯಿತು, ಹಳೆಯದನ್ನು ಅಳಿಸಿ ವಾಪಸ್ ಕೊಟ್ಟೆ. ತಂಡದ ಹುಡುಗರಿಗೆ ಸರ್ವರಿನ ಶಿಸ್ತಿನ ಬಗ್ಗೆ ಗಂಟೆಗಟ್ಟಲೆ ಪಾಠ ಮಾಡಿದವನು ನಾನು.

ಮತ್ತೆ ಆ ಮೇಲ್ ತೆರೆದು ಯಾರ್ಯಾರಿಗೆ ಹೋಗಿದೆ ಅಂತ ನೋಡಿದೆ. ವನಜಾ ಬಿಲ್ಡಿನ ಮೇಲ್ ಕಳಿಸಿದರೆ ಶಶಿಕುಮಾರರಿಗೆ ಪ್ರತಿ ತಪ್ಪದೆ ಹೋಗುತ್ತಿತ್ತು. ಇದು ನನ್ನೊಬ್ಬನಿಗೇ ಬಂದಿತ್ತು.

ಊಟದ ಹೊತ್ತಿಗೆ ಅವರನ್ನು ಕರೆದೆ. ಕ್ಯಾಂಟೀನಿನಲ್ಲಿ ಜನವಿತ್ತು, ಹಿಂದಿನ ಡೀಸೆಲ್ ಜನರೇಟರ್ ಪಕ್ಕದ ಕಟ್ಟೆಯ ಹತ್ತಿರ ನಿಂತೆವು. ಅವರ ಕೈಯಲ್ಲಿ ಊಟದ ಡಬ್ಬಿ ಹಾಗೇ ಇತ್ತು.

“ಮೇಲ್ ನೋಡಿದೆ,” ಅಂದೆ.

“ಹೂಂ ಸಾರ್.”

“ಲೈಬ್ರರಿ ಬೇರೆ ಆಗಿದೆ ಅಂತ ಹೇಳಿದ್ರೆ ಸಾಕಲ್ವಾ ವನಜಾ? ಮ್ಯಾಪ್ ಫೈಲ್ ಪೂರ್ತಿ ಹಾಕ್ಬೇಕಾ? ಆ ಫೋಲ್ಡರ್ ಹೆಸರು ಇರೋ ಸಾಲುಗಳು... ಅಷ್ಟನ್ನ ತೆಗೆದು ಕಳಿಸ್ಬಹುದು.”

ಇದನ್ನು ನಾನು ಹೇಳಿದೆ. ಹೇಳಲಿಲ್ಲ ಅಂತ ಬರೆದು ಮುಂದೆ ಹೋಗಬಹುದಿತ್ತು. ಆದರೆ ಹೇಳಿದೆ.

ಅವರು ಡಬ್ಬಿಯನ್ನು ಕಟ್ಟೆಯ ಮೇಲಿಟ್ಟರು. “ಆ ಸಾಲು ಇಲ್ದಿದ್ರೆ ಶಶಿಕುಮಾರ್ ಸಾರ್ ಏನಂತಾರೆ ಗೊತ್ತಾ ಸಾರ್? ಮುಂಚೆ ಸರ್ವರ್‌ನಲ್ಲಿ ಚಿಕ್ಕ ಲೈಬ್ರರಿ ಇಟ್ಟಿದ್ರು, ಹದಿನಾರು ತಿಂಗಳಿಂದ ನೋಡ್ಕೊಳ್ತಿರೋಳು ನೀನೇ, ಯಾವಾಗ್ಲೋ ನೀನೇ ಕಿತ್ತಾಕಿದೀಯ ಅಂತಾರೆ. ಶುಕ್ರವಾರದ ನಕಲು ಶುಕ್ರವಾರದ್ದು ಮಾತ್ರ ಹೇಳುತ್ತೆ. ಆ ಫೈಲು ಸರ್ವರ್‌ನಲ್ಲಿ ಹುಟ್ಟೇ ಇಲ್ಲ ಅಂತ ಹೇಳೋದು ಆ ಸಾಲು ಒಂದೇ.”

ಅವರು ಹೇಳಿದ್ದು ಸರಿ. ನನಗೂ ಅದು ಗೊತ್ತಿತ್ತು, ಅವರು ಹೇಳುವುದಕ್ಕೆ ಮುಂಚೆಯೇ.

“ನೀವು ದೊಡ್ಡೋರು. ಕತ್ತರಿಸು ಅಂದ್ರೆ ಕತ್ತರಿಸ್ತೀನಿ ಸಾರ್,” ಅಂದರು ಅವರು. “ಆದ್ರೆ ಕತ್ತರಿಸಿದೀನಿ ಅಂತ ಮೇಲ್‌ನಲ್ಲಿ ಬರೀತೀನಿ. ಎಲ್ಲಿಂದ ಎಲ್ಲಿವರ್ಗೂ ಅಂತಾನೂ ಬರೀತೀನಿ.”

ದನಿಯಲ್ಲಿ ಕೊಂಕಿರಲಿಲ್ಲ, ಬೆದರಿಕೆಯೂ ಇರಲಿಲ್ಲ. ಅದಿದ್ದಿದ್ದರೆ ನಾನು ಸಿಟ್ಟು ಮಾಡಿಕೊಂಡು ತಪ್ಪಿಸಿಕೊಳ್ಳಬಹುದಿತ್ತು. ಅವರು ಕೆಲಸದ ವಿಧಾನ ಹೇಳುತ್ತಿದ್ದರು, ಅಷ್ಟೆ.

“ಬೇಡ,” ಅಂದೆ. “ಕತ್ತರಿಸ್ಬೇಡಿ.”

“ಅದಕ್ಕೇ ನಿಮಗೊಬ್ರಿಗೇ ಕಳಿಸ್ದೆ. ನಾನು ಕಳಿಸಿದ್ರೆ ನಾನು ನಿಮ್ಮನ್ನ ಹಿಡ್ಕೊಟ್ಟ ಹಾಗಾಗುತ್ತೆ. ನಾಳೆ ಹತ್ತು ಗಂಟೆ ಮೀಟಿಂಗ್‌ಗೆ ಮುಂಚೆ ನೀವೇ ಕಳಿಸ್ಬಿಡಿ ಸಾರ್. ನಿಮ್ಮ ಬಾಯಿಂದಾನೇ ಬರ್ಲಿ.” ಅಷ್ಟು ಹೇಳಿ ಡಬ್ಬಿ ತೆಗೆದುಕೊಂಡು ಊಟಕ್ಕೆ ಹೋದರು.

ನಾನು ಸೀಟಿಗೆ ಬಂದೆ. ಮೇಲನ್ನು ಶಶಿಕುಮಾರರಿಗೂ ಕ್ವಾಲಿಟಿಯ ಶ್ಯಾಮಲಾ ಅವರಿಗೂ ಕಳಿಸಲು ಎರಡು ನಿಮಿಷದ ಕೆಲಸ. ಮೇಲೆ ಬರೆಯಲು ಮೂರು ಸಾಲು ಬೇಕು. ಆ ಮೂರು ಸಾಲನ್ನು ಬರೆದು ಅಳಿಸಿ ಬರೆದು ಅಳಿಸಿ ಮಧ್ಯಾಹ್ನ ಮೂರೂವರೆ ಮಾಡಿದೆ. ‘ಆ ಸಂದರ್ಭದ ಒತ್ತಡದಲ್ಲಿ’ ಅಂತ ಸೇರಿಸಿದೆ, ತೆಗೆದೆ. ನಾಲ್ಕಕ್ಕೆ ಬೇರೊಂದು ಮೀಟಿಂಗಿಗೆ ಹೋದೆ, ಹೋಗಲೇಬೇಕೆಂದೇನೂ ಇರಲಿಲ್ಲ. ಐದೂವರೆಗೆ ಶಶಿಕುಮಾರ್ ಎದುರಿಗೇ ಸಿಕ್ಕರು. “ಏನ್ ಗುರು, ಆಯಮ್ಮನ ಬಿಲ್ಡ್ ಏನಾಯ್ತು?” ಅಂದರು. “ನಾಳೆ ಮಾತಾಡೋಣ,” ಅಂದೆ. ಹೇಗೂ ಬುಧವಾರ ಹತ್ತರವರೆಗೆ ಸಮಯವಿದೆ, ವನಜಾರೇ ಕೊಟ್ಟ ಗಡುವು ಅದು ಅಂತ ನನಗೆ ನಾನೇ ಹೇಳಿಕೊಂಡು ಮನೆಗೆ ಹೋದೆ.

ಬುಧವಾರ ಬೆಳಿಗ್ಗೆ ಒಂಬತ್ತು ಐವತ್ತಕ್ಕೆ ಕಳಿಸಿದೆ. ‘ಇದು ವನಜಾ ಅವರ ವರದಿ, ಒಂದು ಅಕ್ಷರವನ್ನೂ ತೆಗೆದಿಲ್ಲ. ಬಿಡುಗಡೆಯಾದ ಫೈಲು ನನ್ನ ಲ್ಯಾಪ್‌ಟಾಪಿನಲ್ಲಿ ಆದದ್ದು. ಫಾರ್ಮಿನಲ್ಲಿ ನಾನು ಸುಳ್ಳು ಬರೆದಿದ್ದೆ.’ ಮೂರೇ ಸಾಲು. ಕಳಿಸಿದ್ದನ್ನು ಹೇಳಲು ಎದ್ದು ವನಜಾರ ಸೀಟಿನ ಕಡೆ ಹೋದೆ. ಸೀಟು ಖಾಲಿ ಇತ್ತು.

ಹಿಂದಿನ ಸಂಜೆ ಐದೂಮುಕ್ಕಾಲಿಗೆ ಏಜೆನ್ಸಿಯವರು ತಿಂಗಳ ನವೀಕರಣದ ಪಟ್ಟಿ ಕೇಳಿದ್ದರಂತೆ. ಶಶಿಕುಮಾರ್ ಪಟ್ಟಿ ಕಳಿಸುವಾಗ ವನಜಾರ ಹೆಸರು ಬಿಟ್ಟಿದ್ದರು. ಬೆಳಿಗ್ಗೆ ಎಂಟೂ ಐವತ್ತಕ್ಕೆ ವನಜಾ ಗೇಟಿಗೆ ಬಂದು ಕಾರ್ಡ್ ತೋರಿಸಿದ್ದಾರೆ, ಬಾಗಿಲು ತೆರೆದಿಲ್ಲ. ಸೆಕ್ಯೂರಿಟಿಯವನು ಕಂಪ್ಯೂಟರ್ ನೋಡಿ, “ನಿಮ್ ಹೆಸ್ರು ಇಲ್ಲ ಅಕ್ಕ, ಏಜೆನ್ಸಿಗೆ ಫೋನ್ ಮಾಡ್ಬೇಕಂತೆ,” ಅಂದಿದ್ದಾನೆ. ಹತ್ತು ನಿಮಿಷ ಅಲ್ಲೇ ನಿಂತಿದ್ದರಂತೆ. ಯಾರನ್ನೂ ಕರೆಯಿರಿ ಅನ್ನಲಿಲ್ಲವಂತೆ. ನಾನು ಒಂಬತ್ತಕ್ಕೆ ಹತ್ತು ನಿಮಿಷ ಇರುವಾಗ ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ಕಾರಿನಲ್ಲಿ ಕೂತು, ಒತ್ತಡದ ಮಾತು ಸೇರಿಸಲೋ ಬೇಡವೋ ಅಂತ ಯೋಚಿಸುತ್ತಿದ್ದೆ.

ಮುಂದಿನದ್ದು ಆಗಬೇಕಾದ ಹಾಗೆಯೇ ಆಯಿತು. ಶಶಿಕುಮಾರರನ್ನು ನಾನು ದೂರುವುದಿಲ್ಲ, ಅವರಿಗೆ ಗೊತ್ತಿದ್ದಷ್ಟರ ಮೇಲೆ ಅವರು ನಡೆದರು. ಗೊತ್ತಿದ್ದವನು ನಾನು. ಕ್ವಾಲಿಟಿಯವರು ತನಿಖೆ ತೆರೆದರು. ಆಸ್ಪತ್ರೆಗಳಿಗೆ ಪತ್ರ ಹೋಯಿತು, ಐವತ್ತು ಪಂಪಿಗೂ ಹೊಸ ಫೈಲು ಹಾಕಬೇಕೆಂದು ತೀರ್ಮಾನವಾಯಿತು. ನನ್ನನ್ನು ತಂಡದ ಮುಖ್ಯಸ್ಥನ ಜಾಗದಿಂದ ತೆಗೆದರು, ಬಿಡುಗಡೆ ಫಾರ್ಮಿಗೆ ಇನ್ನು ಮುಂದೆ ನನ್ನ ಸಹಿ ನಡೆಯುವುದಿಲ್ಲ. ಕೆಲಸ ಉಳಿಯಿತು.

ತನಿಖೆಯ ಫಾರ್ಮನ್ನು ನಾನೇ ತುಂಬಬೇಕಿತ್ತು. ಏನಾಯಿತು, ಯಾಕಾಯಿತು, ಯಾವಾಗ ಗೊತ್ತಾಯಿತು ಅನ್ನುವ ಕಲಮುಗಳು. ‘ಗೊತ್ತಾದದ್ದು ಮಂಗಳವಾರ 11:40. ತಿಳಿಸಿದ್ದು ಬುಧವಾರ 9:50. ನಡುವೆ ಮಾಡಿದ್ದು: ಸಾಲುಗಳನ್ನು ತೆಗೆಯಲು ವನಜಾ ಅವರಿಗೆ ಹೇಳಿದೆ, ಅವರು ತೆಗೆಯಲಿಲ್ಲ. ಆಮೇಲೆ ಏನೂ ಮಾಡಲಿಲ್ಲ’ ಅಂತ ಬರೆದೆ.

ಶ್ಯಾಮಲಾ ಅದನ್ನು ಓದಿ ಕನ್ನಡಕ ತೆಗೆದರು. “ನಡುವೆ ಏನ್ ಮಾಡಿದ್ರಿ ಅಂತ ಫಾರ್ಮ್ ಕೇಳಿಲ್ವಲ್ಲ ಸಂಗಮೇಶ್. ಇದನ್ನ ತೆಗೀಬಹುದು.”

“ಇರ್ಲಿ ಮೇಡಂ,” ಅಂದೆ.

ಶಶಿಕುಮಾರ್ ಗುರುವಾರವೇ ಏಜೆನ್ಸಿಗೆ ಫೋನ್ ಮಾಡಿ ವನಜಾರನ್ನು ವಾಪಸ್ ಕೇಳಿದರು. ಅಷ್ಟರಲ್ಲಿ ಅವರನ್ನು ಜಿಗಣಿಯ ಒಂದು ಕಂಪನಿಗೆ ಕಳಿಸಿಯಾಗಿತ್ತು. ಅವರು ವಾಪಸ್ ಬಂದರೂ ಖಾಯಂ ಕಡತ ತನಿಖೆ ಮುಗಿಯುವವರೆಗೆ ಏಳುವಂತಿರಲಿಲ್ಲ, ಮತ್ತೆ ವರ್ಷದ ಕರಾರೇ. ಬರುವುದಿಲ್ಲ ಅಂದರಂತೆ. ಮಾಕಳಿಯಿಂದ ಜಿಗಣಿ ಅಂದರೆ ಇಡೀ ಬೆಂಗಳೂರನ್ನು ದಾಟಬೇಕು, ಬಸ್ಸಿನಲ್ಲಿ ಎರಡೂವರೆ ಗಂಟೆ. ಹೊಸ ಕಡೆ ಮತ್ತೆ ಮೊದಲಿನಿಂದ ಕೆಲಸ ಬರುತ್ತದೆ ಅಂತ ತೋರಿಸಬೇಕು.

ಅವರಿಗೆ ಫೋನ್ ಮಾಡಲು ನನಗೆ ಹತ್ತು ದಿನ ಧೈರ್ಯ ಬರಲಿಲ್ಲ. ಆಮೇಲೆ ಒಂದು ಭಾನುವಾರ ಬೆಳಿಗ್ಗೆ ಮಾಡಿದೆ. ಹಿಂದೆ ಕುಕ್ಕರ್ ಕೂಗುತ್ತಿತ್ತು, ವಸಂತಮ್ಮ ಯಾರೋ ಬಾಡಿಗೆಯವರಿಗೆ ನೀರಿನ ವಿಷಯ ಹೇಳುತ್ತಿದ್ದರು.

“ಸಾರ್, ಬಿಲ್ಡ್ ಆಯ್ತಾ?” ಅಂತ ಅವರೇ ಮೊದಲು ಕೇಳಿದರು.

“ಆಯ್ತು. ಚಿಕ್ಕ ಲೈಬ್ರರಿ ಸಾಲು ಮೂಲಕ್ಕೇ ಸೇರಿಸಿದ್ವಿ. ದಶಾಂಶದ ಭಾಗಾನೂ ಕೇಳಿದ್ವಿ. ನೀವು ಬರ್ದಿದ್ದೇ ಸರಿ.”

“ವರದಿನಲ್ಲಿ ಅಂಕಿ ಬರ್ತಿದೆಯಾ?”

“ಬರ್ತಿದೆ.”

“ಜಾಗ ಎಷ್ಟು ಉಳೀತು ಸಾರ್?”

“ನಾಲ್ಕು ಸಾವಿರದ ಇನ್ನೂರು ಬೈಟ್.”

“ಕಮ್ಮಿ ಆಯ್ತು. ಮುಂದಿನ ಸಲ ಏನಾದ್ರೂ ಸೇರಿಸ್ವಾಗ ನೋಡ್ಕೊಳ್ಳಿ.”

ನಾನು ಹೇಳಬೇಕೆಂದು ಹತ್ತು ದಿನದಿಂದ ಎಷ್ಟೋ ಮಾತು ಕಟ್ಟಿಕೊಂಡಿದ್ದೆ. ಕೊನೆಗೆ ಒಂದನ್ನು ಮಾತ್ರ ಹೇಳಲಾಯಿತು.

“ನಾನು ಮಂಗಳವಾರಾನೇ ಹೇಳ್ಬೇಕಿತ್ತು ವನಜಾ.”

ಅವರು ಪರವಾಗಿಲ್ಲ ಬಿಡಿ ಸಾರ್ ಅನ್ನುತ್ತಾರೆ ಅಂತ ನಾನು ಕಾದೆ. ಅಷ್ಟು ದೊಡ್ಡ ಮನಸ್ಸು ಅವರಿಗಿದೆ ಅಂತಲೂ ಗೊತ್ತಿತ್ತು. ಕುಕ್ಕರ್ ಇನ್ನೊಂದು ಸಲ ಕೂಗಿ ನಿಂತಿತು.

“ಹೌದು ಸಾರ್,” ಅಂದರು ವನಜಾ. “ಮಂಗಳವಾರಾನೇ ಹೇಳ್ಬೇಕಿತ್ತು.”